ಎಂಬತ್ತೆಂಟು ಡಿಗ್ರಿಗೇ ನಿಂತುಬಿಡುವ ಬೆಡ್

ಥ್ರೀಡಿ ಪ್ರಿಂಟರ್ ಇಟ್ಟುಕೊಂಡವರಲ್ಲಿ ಬಹಳ ಜನಕ್ಕೆ ಈ ದೃಶ್ಯ ಗೊತ್ತು. ಬೆಡ್ 100 ಡಿಗ್ರಿ ಸೆಲ್ಸಿಯಸ್‌ಗೆ ಬರಲಿ ಎಂದು ಗುಂಡಿ ಒತ್ತಿಯಾಗಿದೆ. ಪರದೆಯ ಮೇಲಿನ ಅಂಕಿ 50ರವರೆಗೆ ಚುರುಕಾಗಿ ಏರುತ್ತದೆ, 70 ದಾಟುವಾಗ ಏದುಸಿರು ಬಿಡುತ್ತದೆ, 88ಕ್ಕೆ ಬಂದು ಕೂತುಬಿಡುತ್ತದೆ. ಅರ್ಧ ಗಂಟೆ ಕಾದರೂ 88.

ಪ್ರಿಂಟರ್ ಕರಗಿದ ಪ್ಲಾಸ್ಟಿಕ್ಕನ್ನು ಪದರ ಪದರವಾಗಿ ಸುರಿಯುವ ತಟ್ಟೆಯೇ ಬೆಡ್. ಅದನ್ನು ಬಿಸಿಯಾಗಿಟ್ಟರೆ ಮೊದಲ ಪದರ ಗಟ್ಟಿಯಾಗಿ ಅಂಟಿ ನಿಲ್ಲುತ್ತದೆ. ಪಿಎಲ್ಎ ಎಂಬ ಪ್ಲಾಸ್ಟಿಕ್ಕಿಗೆ 60 ಡಿಗ್ರಿ ಸಾಕು. ಎಬಿಎಸ್ ಆದರೆ 100 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಬೇಕು, ಇಲ್ಲದಿದ್ದರೆ ವಸ್ತುವಿನ ಮೂಲೆಗಳು ಮೇಲಕ್ಕೆ ಮುರುಟಿಕೊಳ್ಳುತ್ತವೆ. ಹೀಗಾಗಿ ವರ್ಷಗಟ್ಟಲೆ ಪಿಎಲ್ಎಯನ್ನೇ ಮುದ್ರಿಸುತ್ತಿದ್ದವರಿಗೆ ತಮ್ಮ ಬೆಡ್ ಸೋತಿದೆ ಎಂಬುದು ತಿಳಿಯುವುದೇ ಎಬಿಎಸ್ ಹಾಕಿದ ದಿನ.

ಬೆಡ್ಡೇ ಕೆಟ್ಟಿದೆ ಎಂದುಕೊಂಡು ಹೊಸದನ್ನು ತರಿಸುವುದು ಸಾಮಾನ್ಯ. ಹೊಸದು ಬಂದ ಮೇಲೂ ಅಂಕಿ 88ರಲ್ಲೇ ನಿಂತಾಗ ತಲೆ ಕೆರೆದುಕೊಳ್ಳುವುದೂ ಅಷ್ಟೇ ಸಾಮಾನ್ಯ. ಬೆಡ್ ಎಂಬುದು ಹೆಚ್ಚುಕಡಿಮೆ ಒಂದು ಉದ್ದನೆಯ ತಾಮ್ರದ ಗೆರೆ. ಅದು ತುಂಡಾದರೆ ಸ್ವಲ್ಪವೂ ಬಿಸಿಯಾಗುವುದಿಲ್ಲ. ಅರ್ಧಂಬರ್ಧ ಬಿಸಿಯಾಗುತ್ತಿದ್ದರೆ ತಪ್ಪು ಸಾಮಾನ್ಯವಾಗಿ ಬೇರೆಡೆ ಇರುತ್ತದೆ.

ರೆಪ್‌ರ‍್ಯಾಪ್ ಮಾದರಿಯ ಪ್ರಿಂಟರ್‌ಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ 12 ವೋಲ್ಟಿನ ಬೆಡ್ಡನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಸುಮಾರು 21 ಸೆಂಟಿಮೀಟರ್ ಉದ್ದಗಲದ ಸರ್ಕ್ಯೂಟ್ ಬೋರ್ಡ್, ಅದರ ಮೇಲೊಂದು ಗಾಜು. ತಣ್ಣಗಿರುವಾಗ ರೆಸಿಸ್ಟೆನ್ಸ್ ಸುಮಾರು 1.2 ಓಮ್. ವೋಲ್ಟೇಜನ್ನು ಅದರಿಂದಲೇ ಗುಣಿಸಿ ರೆಸಿಸ್ಟೆನ್ಸ್‌ನಿಂದ ಭಾಗಿಸಿದರೆ ವಾಟ್ ಸಿಗುತ್ತದೆ: 144 ಭಾಗಿಸು 1.2, ಅಂದರೆ 120 ವಾಟ್. ಇದು ಪೆಟ್ಟಿಗೆಯ ಮೇಲೆ ಅಚ್ಚಾಗುವ ಅಂಕಿ.

ಆದರೆ ತಾಮ್ರ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಏರುತ್ತದೆ, ಪ್ರತಿ ಡಿಗ್ರಿಗೆ ಶೇ. 0.39ರಷ್ಟು. 100 ಡಿಗ್ರಿ ಮುಟ್ಟುವಾಗ ಆ 1.2 ಓಮ್ ಸುಮಾರು 1.55 ಆಗಿರುತ್ತದೆ. ಆಗ ಅದೇ 12 ವೋಲ್ಟಿಗೆ ಸಿಗುವುದು 93 ವಾಟ್ ಮಾತ್ರ. ಹೆಚ್ಚು ಶಕ್ತಿ ಬೇಕಾದ ಹೊತ್ತಿಗೇ ಬೆಡ್ ಕಡಿಮೆ ಎಳೆಯುತ್ತದೆ. ಎಲ್ಲ ಸರಿಯಿದ್ದಾಗಿನ ಕಥೆಯೇ ಇದು.

ಇನ್ನು ಖರ್ಚಿನ ಲೆಕ್ಕ. ಬೆಡ್ಡಿನ ಮೇಲ್ಮೈಯಿಂದ ಎಷ್ಟು ಬಿಸಿ ಹಾರಿಹೋಗುತ್ತದೋ ಕೆಳಮೈಯಿಂದಲೂ ಹೆಚ್ಚುಕಡಿಮೆ ಅಷ್ಟೇ ಹೋಗುತ್ತದೆ. ಕೋಣೆಯಲ್ಲಿ ಸೀಲಿಂಗ್ ಫ್ಯಾನ್ ತಿರುಗುತ್ತಿದ್ದರೆ ಎರಡೂ ಕಡೆ ಸೇರಿ, ಕೋಣೆಗಿಂತ ಬೆಡ್ ಬಿಸಿಯಾದ ಪ್ರತಿ ಡಿಗ್ರಿಗೆ ಸುಮಾರು 1.2 ವಾಟ್ ಎಂದು ಅಂದಾಜಿಸಬಹುದು. ಕೋಣೆ 27 ಡಿಗ್ರಿ ಇದ್ದರೆ 100ರಲ್ಲಿ ನಿಲ್ಲಲು 87 ವಾಟ್ ಬೇಕು. ಕೈಯಲ್ಲಿರುವುದು 93. ಕಾರ್ಖಾನೆಯಿಂದ ಬಂದ, ಏನೂ ದೋಷವಿಲ್ಲದ ಬೆಡ್ಡಿಗೂ ಉಳಿಯುವುದು ಆರು ವಾಟ್ ಮಾತ್ರ. ಕೊನೆಯ ಹತ್ತು ಡಿಗ್ರಿ ಆಮೆಯಂತೆ ತೆವಳುವುದಕ್ಕೆ ಇಷ್ಟೇ ಕಾರಣ.

ಈ ಆರು ವಾಟನ್ನು ನುಂಗುವುದು ಬಹಳ ಸುಲಭ. ವಿದ್ಯುತ್ತು ಪವರ್ ಸಪ್ಲೈನಿಂದ ಹೊರಟು ಮದರ್‌ಬೋರ್ಡಿನ ಸ್ಕ್ರೂ ಟರ್ಮಿನಲ್, ಅಲ್ಲಿನ ಮಾಸ್‌ಫೆಟ್ ಎಂಬ ಸ್ವಿಚ್, ಇನ್ನೊಂದು ಟರ್ಮಿನಲ್, ಮುಕ್ಕಾಲು ಮೀಟರ್ ಜೋಡಿ ವೈರ್, ಬೆಡ್ಡಿನ ಕನೆಕ್ಟರ್ ಎಲ್ಲ ದಾಟಿ ಬರಬೇಕು. ಹರಿಯುವುದು ಹತ್ತು ಆಂಪಿಯರ್. ಈ ದಾರಿಯಲ್ಲಿ ಒಟ್ಟು 0.15 ಓಮ್ ಸೇರಿಕೊಂಡಿದೆ ಎಂದಿಟ್ಟುಕೊಳ್ಳಿ. 0.75 ಸ್ಕ್ವೇರ್ ಎಂಎಂ ವೈರಿನದೇ ಪಾಲು 0.03 ಓಮ್‌ನ ಆಸುಪಾಸು. ಉಳಿದದ್ದೆಲ್ಲ ಸಡಿಲ ಸ್ಕ್ರೂ, ಕಪ್ಪಾದ ಪಿನ್ನುಗಳದು. ಜೊತೆಗೆ ಭಾರ ಬಿದ್ದಾಗ ಪವರ್ ಸಪ್ಲೈ 11.4 ವೋಲ್ಟಿಗೆ ಕುಸಿಯುತ್ತದೆ ಎಂದೂ ಇಟ್ಟುಕೊಂಡರೆ, ಬಿಸಿಯಾದ ಬೆಡ್ಡಿಗೆ ಉಳಿಯುವುದು ಸುಮಾರು 72 ವಾಟ್. ಕೋಣೆಗಿಂತ 60 ಡಿಗ್ರಿ ಚಿಲ್ಲರೆ ಮೇಲೆ ಹಿಡಿದಿಡಲು ಅಷ್ಟು ಸಾಕು, ಅದಕ್ಕಿಂತ ಮೇಲೇರಿಸಲು ಸಾಲದು. 27ಕ್ಕೆ 61 ಕೂಡಿಸಿ ನೋಡಿದರೆ ಅದೇ 88.

ದೊಡ್ಡ ದೋಷ ಯಾವುದೂ ಇಲ್ಲಿ ಇಲ್ಲ ಎಂಬುದನ್ನು ಗಮನಿಸಬೇಕು. ಅರ್ಧ ವೋಲ್ಟ್ ಚಿಲ್ಲರೆ ಒಂದು ಕಡೆ, ಓಮ್‌ನ ಏಳನೇ ಒಂದು ಭಾಗ ಇನ್ನೊಂದು ಕಡೆ. ಮಲ್ಟಿಮೀಟರ್ ಹಿಡಿದು ಅಲ್ಲಲ್ಲಿ ಮುಟ್ಟಿ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಅದರಲ್ಲೂ ಪ್ರಿಂಟರ್ ಆಫ್ ಮಾಡಿ ವೈರ್ ತುಂಡಾಗಿದೆಯೇ ಎಂದು ಬೀಪ್ ಸದ್ದು ಕೇಳುವವರಿಗೆ ಈ ದೋಷ ಎಂದೂ ಸಿಗುವುದಿಲ್ಲ. ಹತ್ತು ಎಳೆಗಳಲ್ಲಿ ಎಂಟು ತುಂಡಾದ ವೈರೂ ಬೀಪ್ ಎನ್ನುತ್ತದೆ.

ಅಳೆಯಬೇಕಾದದ್ದು ಕರೆಂಟ್ ಹರಿಯುತ್ತಿರುವಾಗ. ಬೆಡ್ ತಣ್ಣಗಿರಲಿ, ಗುರಿಯನ್ನು ಮಾತ್ರ ಎತ್ತರದಲ್ಲಿಡಿ. ಕಂಪ್ಯೂಟರಿಗೆ ಜೋಡಿಸಿದ್ದರೆ ಈ ಆದೇಶ ಸಾಕು:

```
M140 S100
```

ಗುರಿ ದೂರವಿದ್ದಾಗ ಬೆಡ್ಡಿಗೆ ಎಡೆಬಿಡದೆ ಪೂರ್ತಿ ವಿದ್ಯುತ್ ಹರಿಯುತ್ತದೆ. ಗುರಿ ಹತ್ತಿರವಾದರೆ ಬೋರ್ಡು ಅದನ್ನು ಆನ್ ಆಫ್ ಮಾಡತೊಡಗುತ್ತದೆ, ಮೀಟರಿನ ಅಂಕಿ ಅರ್ಥವಿಲ್ಲದೆ ಕುಣಿಯುತ್ತದೆ. ಮೀಟರನ್ನು ಡಿಸಿ ವೋಲ್ಟಿನಲ್ಲಿಟ್ಟು ಮೊದಲು ಪವರ್ ಸಪ್ಲೈನ 12 ವೋಲ್ಟ್ ಟರ್ಮಿನಲ್‌ಗಳಲ್ಲಿ ಅಳೆಯಬೇಕು, ಆಮೇಲೆ ಬೋರ್ಡಿಗೆ ಬರುವಲ್ಲಿ, ಬೋರ್ಡಿನಿಂದ ಹೊರಡುವಲ್ಲಿ, ಕೊನೆಗೆ ಬೆಡ್ಡಿನ ಬೆಸುಗೆಯ ಚುಕ್ಕೆಗಳ ಮೇಲೆಯೇ. ಅದೇ ಟರ್ಮಿನಲ್ ಸಾಲಿನಲ್ಲಿ 230 ವೋಲ್ಟಿನ ಸ್ಕ್ರೂಗಳೂ ಇರುತ್ತವೆ, ಮೀಟರಿನ ಮೊನೆ ಅತ್ತ ಜಾರಬಾರದು.

ನಮ್ಮ ಉದಾಹರಣೆಯ ಯಂತ್ರದಲ್ಲಿ ಮೊದಲ ಅಂಕಿ 11.4, ಕೊನೆಯದು ಸುಮಾರು 10.1 ಬರುತ್ತದೆ. ದಾರಿಯಲ್ಲಿ 1.3 ವೋಲ್ಟ್ ಕಳೆದಿದೆ. ಯಾವ ಎರಡು ನಿಲ್ದಾಣಗಳ ನಡುವೆ ಅಂಕಿ ಧಡಕ್ಕನೆ ಇಳಿಯಿತೋ ದೋಷ ಅಲ್ಲಿದೆ. ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ವಾಟ್ ಇಳಿಯುವುದರಿಂದ 12ರ ಬದಲು 10.1 ಬಂದರೆ ಶುರುವಿನ 120 ವಾಟ್ 85ಕ್ಕೆ ಬಂದಿರುತ್ತದೆ.

ಕಳೆದುಹೋದ ವೋಲ್ಟೇಜ್ ಎಲ್ಲಿಗೂ ಹೋಗಿರುವುದಿಲ್ಲ. ಸುಮಾರು ಹತ್ತು ವಾಟ್ ಬಿಸಿಯಾಗಿ ಆ ಕನೆಕ್ಟರಿನಲ್ಲೇ ಕೂತಿರುತ್ತದೆ. ಬೆರಳ ತುದಿಯಷ್ಟು ಪ್ಲಾಸ್ಟಿಕ್ ತುಂಡಿಗೆ ಹತ್ತು ವಾಟ್ ಬಹಳವಾಯಿತು. ಮೊದಲು ಅದು ಹಳದಿಯಾಗುತ್ತದೆ, ಆಮೇಲೆ ಕಂದು. ಬಿಸಿಯಿಂದ ಪಿನ್ ಇನ್ನಷ್ಟು ಕಪ್ಪಾಗಿ ರೆಸಿಸ್ಟೆನ್ಸ್ ಇನ್ನಷ್ಟು ಏರುತ್ತದೆ. ಥ್ರೀಡಿ ಪ್ರಿಂಟರ್‌ಗಳಿಗೆ ಬೆಂಕಿ ತಗಲುವ ದಾರಿಗಳಲ್ಲಿ ಇದೂ ಒಂದು. ಆದ್ದರಿಂದ ನಿಧಾನವಾಗಿ ಬಿಸಿಯಾಗುವ ಬೆಡ್ಡನ್ನು ಕೇವಲ ಸಮಯದ ಕಿರಿಕಿರಿ ಎಂದು ಬಿಟ್ಟುಬಿಡುವುದು ಸರಿಯಲ್ಲ.

ಸ್ಕ್ರೂ ಸಡಿಲಾಗುವುದಕ್ಕೆ ಹೆಚ್ಚಿನ ಸಲ ಕಾರಣ, ವೈರಿನ ತುದಿಗೆ ಹಾಕಿದ ಸೋಲ್ಡರ್. ನೋಡಲು ಅಚ್ಚುಕಟ್ಟಾಗಿರುತ್ತದೆ, ಆದರೆ ಸೋಲ್ಡರ್ ಮೆತ್ತನೆಯ ಲೋಹ. ಸ್ಕ್ರೂ ಒತ್ತಿದಂತೆ, ಬಿಸಿಯಾಗಿ ತಣಿದಂತೆ, ಅದು ನಿಧಾನವಾಗಿ ಹರಡಿ ಹಿಡಿತ ತಪ್ಪುತ್ತದೆ. ಸೋಲ್ಡರ್ ಹಾಕಿದ ತುದಿಯನ್ನು ಕತ್ತರಿಸಿ, ಫೆರೂಲ್ ಅಥವಾ ಲಗ್ ತೊಡಿಸಿ, ಇಕ್ಕಳದಿಂದ ಕ್ರಿಂಪ್ ಮಾಡಿ ಬಿಗಿದರೆ ಆ ತೊಂದರೆ ಇರುವುದಿಲ್ಲ. ಬೆಡ್ ಹಿಂದೆ ಮುಂದೆ ಓಡಾಡುವ ಯಂತ್ರಗಳಲ್ಲಿ ವೈರ್ ಬಾಗುವ ಜಾಗದಲ್ಲಿ ಎಳೆಗಳು ಒಳಗೊಳಗೇ ತುಂಡಾಗುತ್ತವೆ. ಅಲ್ಲಿಗೆ ಸಿಲಿಕಾನ್ ಹೊದಿಕೆಯ, ಸಣ್ಣ ಎಳೆಗಳು ಬಹಳವಿರುವ, 1.5 ಸ್ಕ್ವೇರ್ ಎಂಎಂ ವೈರ್ ಒಳ್ಳೆಯದು.

ಪವರ್ ಸಪ್ಲೈ ಕುಸಿಯುವುದು ಬೇರೆ ಕಥೆ. ಹಳೆಯ ಕಂಪ್ಯೂಟರಿನ ಎಸ್‌ಎಂಪಿಎಸ್ ಕಿತ್ತು ಪ್ರಿಂಟರಿಗೆ ಹಾಕುವ ಜುಗಾಡ್ ಒಂದು ಕಾಲಕ್ಕೆ ಬಹಳ ಚಾಲ್ತಿಯಲ್ಲಿತ್ತು. ಅಂಥ ಹಲವು ಎಸ್‌ಎಂಪಿಎಸ್‌ಗಳಲ್ಲಿ 5 ವೋಲ್ಟ್ ಸಾಲಿನಿಂದ ಏನೂ ಎಳೆಯದೆ 12 ವೋಲ್ಟ್ ಒಂದನ್ನೇ ಎಳೆದರೆ ಅದು 11ರ ಕಡೆಗೆ ಜಾರುತ್ತದೆ. ಜಾಳಿಗೆ ಪೆಟ್ಟಿಗೆಯ ಪವರ್ ಸಪ್ಲೈಗಳಲ್ಲಿ ವೋಲ್ಟೇಜ್ ತಿದ್ದುವ ಒಂದು ಪುಟ್ಟ ತಿರುಪು ಇರುತ್ತದೆ. ಭಾರ ಇರುವಾಗ 12ಕ್ಕೆ ತರಲು ಅದನ್ನು ತಿರುಗಿಸುವುದರಲ್ಲಿ ತಪ್ಪಿಲ್ಲ. 13ಕ್ಕೆ ಏರಿಸಿದರೆ ಬೆಡ್ಡಿನ ವಾಟ್ ಶೇ. 17ರಷ್ಟು ಹೆಚ್ಚುತ್ತದೆ ಎಂಬ ಆಸೆಯೂ ಹುಟ್ಟುತ್ತದೆ. ಆದರೆ ಆಗ ತಣ್ಣನೆಯ ಬೆಡ್ ಎಳೆಯುವುದು 10.8 ಆಂಪಿಯರ್. ರ‍್ಯಾಂಪ್ಸ್ 1.4 ಬೋರ್ಡಿನಲ್ಲಿ ಬೆಡ್ಡಿನ ದಾರಿಯಲ್ಲಿರುವ ಪಾಲಿಫ್ಯೂಸ್ ತಾಳುವುದು 11 ಆಂಪಿಯರ್, ಅದೂ ಅದು ತಣ್ಣಗಿದ್ದಾಗ. ಮುಚ್ಚಿದ ಪೆಟ್ಟಿಗೆಯೊಳಗೆ ಬಿಸಿಯಾದರೆ ಅದಕ್ಕಿಂತ ಮೊದಲೇ ಕೈಚೆಲ್ಲುತ್ತದೆ. ಬೆಡ್ ಕೆಲವು ನಿಮಿಷ ಬಿಸಿಯಾಗಿ, ಕಾರಣವಿಲ್ಲದೆ ತಣಿದು, ಮತ್ತೆ ಬಿಸಿಯಾಗುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಆ ಹಳದಿ ಫ್ಯೂಸನ್ನೇ.

ಹನ್ನೆರಡೂ ಇಪ್ಪತ್ನಾಲ್ಕೂ ಎರಡಕ್ಕೂ ಆಗುವ ಬೆಡ್ಡುಗಳಲ್ಲಿ ವೈರನ್ನು 24 ವೋಲ್ಟಿನ ಚುಕ್ಕೆಗಳಿಗೆ ಬೆಸೆದು 12 ವೋಲ್ಟ್ ಕೊಟ್ಟರೆ ಸಿಗುವುದು ಕಾಲು ಪಾಲು, ಅಂದರೆ 30 ವಾಟ್. ಹೊಸದಾಗಿ ಜೋಡಿಸಿದ ಯಂತ್ರ 50 ಡಿಗ್ರಿಯ ಆಚೀಚೆಯೇ ನಿಂತರೆ ಇದನ್ನೊಮ್ಮೆ ನೋಡಬೇಕು.

ಇಷ್ಟಾದ ಮೇಲೆ ಕಾರ್ಕ್ ಹಾಳೆಯ ಸರದಿ. ಬೆಡ್ಡಿನ ಅಡಿ ಬೋಳಾಗಿದ್ದರೆ ಅರ್ಧದಷ್ಟು ಬಿಸಿ ಯಾರಿಗೂ ಬೇಡದ ಕಡೆ ಹೋಗುತ್ತಿರುತ್ತದೆ. ಅಡಿಗೆ 5 ಮಿಲಿಮೀಟರ್ ಕಾರ್ಕ್ ಹಾಕಿದರೆ ಆ ಕಡೆಯ ನಷ್ಟ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ನಮ್ಮ ಲೆಕ್ಕದಲ್ಲಿ 100 ಡಿಗ್ರಿಗೆ ಬೇಕಾದ 87 ವಾಟ್ ಸುಮಾರು 61ಕ್ಕೆ ಬರುತ್ತದೆ. ಕಾರ್ಕ್ ಬೆಡ್ಡಿಗೆ ಒತ್ತಿ ಕೂರಬೇಕು, ನಡುವೆ ಗಾಳಿ ಓಡಾಡಿದರೆ ಪ್ರಯೋಜನ ಅಷ್ಟಕ್ಕಷ್ಟೆ. ಹಿಡಿದಿಡಲು ಬಿಸಿ ತಾಳುವ ಕ್ಯಾಪ್ಟನ್ ಟೇಪ್ ಬೇಕು, ಪ್ಯಾಕಿಂಗ್ ಟೇಪ್ ಒಂದೇ ದಿನಕ್ಕೆ ಜೋತುಬೀಳುತ್ತದೆ. ಬೆಸುಗೆಯ ಜಾಗವನ್ನು ಮುಚ್ಚದೆ ಬಿಡುವುದು ಲೇಸು.

ಇಲ್ಲೊಂದು ಮೋಸವೂ ಇದೆ. 61 ವಾಟ್ ಸಾಕೆಂದಾದ ಮೇಲೆ ಸಡಿಲ ಸ್ಕ್ರೂ, ಕಪ್ಪು ಪಿನ್ ಹಾಗೇ ಇದ್ದರೂ ಬೆಡ್ 100 ಮುಟ್ಟುತ್ತದೆ! ಮಾಲೀಕರು ಸಮಸ್ಯೆ ಮುಗಿಯಿತೆಂದು ಸಂತೋಷಪಡುತ್ತಾರೆ, ಕನೆಕ್ಟರ್ ಮಾತ್ರ ತನ್ನ ಪಾಡಿಗೆ ಸುಡುತ್ತಿರುತ್ತದೆ. ಮೊದಲು ವೈರ್, ಆಮೇಲೆ ಕಾರ್ಕ್ ಎಂಬ ಅನುಕ್ರಮ ಅದಕ್ಕಾಗಿಯೇ. ಎರಡೂ ಆದರೆ 110 ಡಿಗ್ರಿಯಲ್ಲೂ ಕೈಯಲ್ಲಿ 90 ವಾಟ್, ಬೇಕಾದದ್ದು 70.

ಕೆಲವೊಮ್ಮೆ ಬೆಡ್ ಬಿಸಿಯಾಗಿಯೇ ಇರುತ್ತದೆ, ಸುಳ್ಳು ಹೇಳುವುದು ಥರ್ಮಿಸ್ಟರ್. ಸಾಸಿವೆಯಷ್ಟಿರುವ ಈ ಸೆನ್ಸರ್ ಟೇಪ್ ಬಿಟ್ಟುಕೊಂಡು ಜೋತಾಡಿದರೆ ಬೆಡ್ಡಿನ ಬದಲು ಗಾಳಿಯ ಬಿಸಿಯನ್ನು ಓದುತ್ತದೆ. ದೂರದಿಂದ ಅಳೆಯುವ ಇನ್‌ಫ್ರಾರೆಡ್ ಗನ್ನಿನಿಂದ ತಾಳೆ ನೋಡುವವರು ಹೊಳೆಯುವ ಅಲ್ಯೂಮಿನಿಯಂ ಮೇಲೆ ನೇರವಾಗಿ ಗುರಿ ಹಿಡಿಯಬಾರದು, ತೀರಾ ಕಡಿಮೆ ತೋರಿಸುತ್ತದೆ. ಒಂದು ತುಂಡು ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಅಳೆದರೆ ನಂಬಬಹುದು.

ಬಹಳಷ್ಟು ಪ್ರಿಂಟರ್‌ಗಳಲ್ಲಿರುವ ಮಾರ್ಲಿನ್ ಫರ್ಮ್‌ವೇರ್ ಇದನ್ನೆಲ್ಲ ಸುಮ್ಮನೆ ನೋಡುತ್ತ ಕೂರುವುದಿಲ್ಲ. ಅದರ ಮಾಮೂಲು ಲೆಕ್ಕದಲ್ಲಿ, ಬಿಸಿ ಮಾಡಲು ಹೊರಟ 60 ಸೆಕೆಂಡಿನಲ್ಲಿ ಬೆಡ್ 2 ಡಿಗ್ರಿಯಾದರೂ ಏರದಿದ್ದರೆ ಪರದೆಯ ಮೇಲೆ Heating Failed ಎಂದು ಬರೆದು ಯಂತ್ರವನ್ನು ನಿಲ್ಲಿಸುತ್ತದೆ. ಈ ಸಂದೇಶದ ಕಾಟ ತಪ್ಪಿಸಲು WATCH_BED_TEMP_PERIOD ಎಂಬ ಸಾಲಿನಲ್ಲಿರುವ 60ನ್ನು 180 ಮಾಡಿಕೊಳ್ಳುವವರಿದ್ದಾರೆ. ದಪ್ಪ ಗಾಜು ಹಾಕಿದ ದೊಡ್ಡ ಬೆಡ್ಡಿಗೆ, ಎಲ್ಲ ಕಡೆ ವೋಲ್ಟ್ ಅಳೆದು ಸರಿಯಿದೆ ಎಂದಾದ ಮೇಲೆ, ಅದು ಒಪ್ಪತಕ್ಕ ಬದಲಾವಣೆ. ನಿನ್ನೆಯವರೆಗೆ ಬಾರದಿದ್ದ ಸಂದೇಶ ಇವತ್ತು ಬಂದಿದ್ದರೆ ಮಾತ್ರ ಪ್ರಿಂಟರಿನ ಪ್ಲಗ್ ಕಿತ್ತು, ಬೆಡ್ಡಿನ ಕನೆಕ್ಟರ್ ಬಿಚ್ಚಿ, ಪಿನ್ನಿನ ಬಣ್ಣ ನೋಡಬೇಕು.