ನಡಾವಳಿ ಪುಸ್ತಕದಲ್ಲಿ ಸಂತಾಪದ ಪುಟ

ಹಿರಿಯ ಸದಸ್ಯರೊಬ್ಬರು ತೀರಿಕೊಂಡಾಗ ಸಂಘದ ಕಾರ್ಯದರ್ಶಿಗಳು ಹೆಚ್ಚು ಯೋಚಿಸದೆ ಬರೆಯುವ ವಾಕ್ಯ ಒಂದಿದೆ: "ಶ್ರೀಯುತರ ನಿಧನದಿಂದ ಸಂಘಕ್ಕೆ ತುಂಬಲಾರದ ನಷ್ಟವಾಗಿದ್ದು, ಮೃತರ ಆತ್ಮಕ್ಕೆ ಚಿರಶಾಂತಿ ಕೋರಲಾಯಿತು." ಈ ವಾಕ್ಯದಲ್ಲಿ ತಪ್ಪೇನೂ ಇಲ್ಲ. ಹೆಸರು ಬದಲಿಸಿದರೆ ಯಾರಿಗೆ ಬೇಕಾದರೂ ಸಲ್ಲುತ್ತದೆ ಅನ್ನುವುದೇ ಅದರ ಕೊರತೆ. ಮೂವತ್ತು ವರ್ಷ ಸಂಘಕ್ಕೆ ದುಡಿದವರಿಗೂ ಷೇರು ಕಟ್ಟಿ ಮತ್ತೆ ಮುಖ ತೋರಿಸದವರಿಗೂ ಒಂದೇ ಮಾತು.

ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ. ನೂರು ವರ್ಷ ದಾಟಿದ ಸಂಘಗಳಿರುವ ನಾಡು ನಮ್ಮದು. ಅಂಥ ಕಡೆ ಹಳೆಯ ಸದಸ್ಯರೊಬ್ಬರು ಏನು ಮಾಡಿದರು ಎಂದು ಮುಂದಿನವರು ತಿಳಿಯಬೇಕಾದರೆ ಮೊದಲು ತೆರೆಯುವುದು ನಡಾವಳಿ ಪುಸ್ತಕವನ್ನೇ. ಸಭೆಯಲ್ಲಿ ಆಡಿದ ಭಾಷಣ ಅಂದೇ ಮುಗಿಯುತ್ತದೆ, ಠರಾವು ಉಳಿಯುತ್ತದೆ. ಹಾಗಾಗಿ ಅದನ್ನು ದಾಖಲೆಯ ಹಾಗೆಯೇ ಬರೆಯಬೇಕು.

ಹಳ್ಳಿಯ ಒಂದು ಹಾಲು ಉತ್ಪಾದಕರ ಸಹಕಾರ ಸಂಘವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ತೀರಿಕೊಂಡ ಹಿರಿಯರ ಬಗ್ಗೆ ಊರಿನವರು ಹೇಳುವುದು ಹೀಗೆ: "ನಲವತ್ತು ವರ್ಷದಿಂದ ಇದ್ದರು, ಸಂಘ ಹುಟ್ಟಿದಾಗಿನಿಂದಲೂ ಡೈರೆಕ್ಟರ್." ಕಾರ್ಯದರ್ಶಿ ಸದಸ್ಯರ ರಿಜಿಸ್ಟರ್ ತೆಗೆದರೆ ಸದಸ್ಯತ್ವ ಮಂಜೂರಾಗಿದ್ದು 12-6-1987ರಂದು ಎಂದಿದೆ. ನಿಧನರಾದದ್ದು 3-2-2025ರಂದು. ಲೆಕ್ಕ ಹಾಕಿದರೆ ಮೂವತ್ತೇಳು ವರ್ಷ, ಏಳು ತಿಂಗಳ ಮೇಲೆ ಕೆಲವು ದಿನ. ಇನ್ನು ಹಳೆಯ ನಡಾವಳಿಗಳನ್ನು ತಿರುವಿದರೆ ಅವರು ನಿರ್ದೇಶಕರಾಗಿದ್ದದ್ದು 2005ರಿಂದ 2010, ಮತ್ತೆ 2015ರಿಂದ 2020. ಎರಡು ಅವಧಿ ಸೇರಿ ಹತ್ತೇ ವರ್ಷ, ನಡುವೆ ಐದು ವರ್ಷ ಅಧಿಕಾರವಿರಲಿಲ್ಲ. ಸಂಘದ ನೋಂದಣಿ ಅರ್ಜಿಯಲ್ಲಿ ಅವರ ಸಹಿಯೂ ಇಲ್ಲ, ಅಂದರೆ ಸ್ಥಾಪಕ ಸದಸ್ಯರಲ್ಲ. ಇದರಿಂದ ಅವರ ದೊಡ್ಡತನವೇನೂ ಕುಗ್ಗುವುದಿಲ್ಲ. ಆದರೆ "ಸ್ಥಾಪಕ ನಿರ್ದೇಶಕರು, ನಲವತ್ತು ವರ್ಷ ಸತತ ಸೇವೆ" ಎಂದು ಒಮ್ಮೆ ಬರೆದುಬಿಟ್ಟರೆ ನಾಳೆ ಸ್ಮರಣ ಸಂಚಿಕೆಯವರು ಅದನ್ನೇ ಎತ್ತಿಕೊಳ್ಳುತ್ತಾರೆ, ನಿಜವಾದ ಸ್ಥಾಪಕರ ಮನೆಯವರು ಜಗಳಕ್ಕೆ ಬರುತ್ತಾರೆ. ವರ್ಷಗಳನ್ನು ಕೂಡಿಸುವ ಗೋಜಿಗೇ ಹೋಗದೆ "1987ರಿಂದ ಸದಸ್ಯರಾಗಿದ್ದ" ಎಂದು ಬರೆಯುವುದು ಎಲ್ಲಕ್ಕಿಂತ ಕ್ಷೇಮ.

ಮುಂದಿನದು, ಅವರು ಮಾಡಿದ ಕೆಲಸ. "ಸಂಘದ ಏಳಿಗೆಗೆ ಶ್ರಮಿಸಿದರು" ಅಂದರೆ ಏನೂ ತಿಳಿಯುವುದಿಲ್ಲ. ಒಂದೇ ಒಂದು ನಿಜವಾದ ಕೆಲಸ ಹುಡುಕಿ: ಹಾಲಿನ ಜಿಡ್ಡಿನಂಶ ಅಳೆಯುವ ಯಂತ್ರ ತರಿಸಲು ಒತ್ತಾಯಿಸಿದವರು ಅವರೇ ಇರಬಹುದು, ಕಟ್ಟಡ ಉಪಸಮಿತಿಯಲ್ಲಿ ಇದ್ದಿರಬಹುದು. ಇದೂ ಹಳೆಯ ನಡಾವಳಿಯಲ್ಲೇ ಸಿಗುತ್ತದೆ. ಸಿಗದೆ ಹೋದರೆ ಬರೆಯಬೇಡಿ. ಇಲ್ಲದ್ದನ್ನು ಹೊಗಳುವುದಕ್ಕಿಂತ ಚಿಕ್ಕ ಠರಾವೇ ಮೇಲು.

ಹೆಸರಿನ ಜಾಗ ಖಾಲಿ ಬಿಟ್ಟು ಬರೆದರೆ ಪಠ್ಯ ಸುಮಾರು ಹೀಗಾಗುತ್ತದೆ:

"ವಿಷಯ 1: ಸಂತಾಪ ಸೂಚನೆ. ನಮ್ಮ ಸಂಘದ ಸದಸ್ಯರೂ ಮಾಜಿ ನಿರ್ದೇಶಕರೂ ಆದ ಶ್ರೀ ……… (ಸದಸ್ಯ ಸಂಖ್ಯೆ ……) ಅವರು ದಿನಾಂಕ 3-2-2025ರಂದು ನಿಧನರಾದ ವಿಷಯವನ್ನು ಅಧ್ಯಕ್ಷರು ಸಭೆಗೆ ತಿಳಿಸಿ ಈ ಕೆಳಗಿನ ನಿರ್ಣಯವನ್ನು ಮಂಡಿಸಿದರು. ನಿರ್ಣಯ: 1987ರಿಂದ ಸಂಘದ ಸದಸ್ಯರಾಗಿದ್ದು, 2005–2010 ಮತ್ತು 2015–2020ರ ಅವಧಿಗಳಲ್ಲಿ ನಿರ್ದೇಶಕರಾಗಿ, ಕಟ್ಟಡ ಉಪಸಮಿತಿಯ ಸದಸ್ಯರಾಗಿ ಸೇವೆ ಸಲ್ಲಿಸಿದ ಶ್ರೀ ……… ಅವರ ನಿಧನಕ್ಕೆ ಈ ಸಭೆಯು ತೀವ್ರ ಸಂತಾಪ ಸೂಚಿಸುತ್ತದೆ. ಅವರ ಸೇವೆಯನ್ನು ಕೃತಜ್ಞತೆಯಿಂದ ಸ್ಮರಿಸುತ್ತದೆ. ಅವರ ಕುಟುಂಬದವರಿಗೆ ಸಾಂತ್ವನ ಕೋರುತ್ತದೆ. ಈ ನಿರ್ಣಯದ ಪ್ರತಿಯನ್ನು ಕುಟುಂಬಕ್ಕೆ ಕಳುಹಿಸತಕ್ಕದ್ದು. ಸದಸ್ಯರೆಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಿ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಿದರು."

ಇಲ್ಲಿ ಸೂಚಕರು, ಅನುಮೋದಕರು ಎಂಬ ಸಾಲು ಇಲ್ಲ. ಸಂತಾಪವನ್ನು ಅಧ್ಯಕ್ಷರ ಪೀಠದಿಂದಲೇ ಮಂಡಿಸುವುದು, ಕೈ ಎತ್ತಿಸದೆ ಎದ್ದು ನಿಂತು ಒಪ್ಪುವುದು ವಾಡಿಕೆ. ವಿಧಾನಸಭೆಯಲ್ಲೂ ಸಭಾಧ್ಯಕ್ಷರೇ ಸಂತಾಪ ಸೂಚನೆ ಮಂಡಿಸುತ್ತಾರೆ, ನಾಯಕರು ಮಾತಾಡಿದ ಮೇಲೆ ಸದನ ಎದ್ದು ನಿಲ್ಲುತ್ತದೆ. ನಡೆದ ಸಂಗತಿಗೆ ಭೂತಕಾಲ, ಸಭೆಯ ಮಾತಿಗೆ ವರ್ತಮಾನಕಾಲ ಎಂಬ ಭೇದವನ್ನೂ ಗಮನಿಸಿ. ಮೃತರ ಜಾತಿ, ಮತಕ್ಕೆ ತಕ್ಕಂತೆ ದೈವಾಧೀನ, ಲಿಂಗೈಕ್ಯ ಎಂದೆಲ್ಲ ಬರೆಯುವ ರೂಢಿಯಿದೆ. ಎಲ್ಲರಿಗೂ ಸೇರಿದ ಸಂಘದ ಪುಸ್ತಕಕ್ಕೆ "ನಿಧನರಾದ" ಎಂಬ ಪದವೇ ಸಾಕು ಎಂಬುದು ನನ್ನ ಅಭಿಪ್ರಾಯ.

"ಪತ್ನಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳನ್ನು ಅಗಲಿದ್ದಾರೆ" ಎಂಬ ಸಾಲನ್ನೂ ಬೇಕೆಂದೇ ಬಿಟ್ಟಿದ್ದೇನೆ. ಪತ್ರಿಕೆಯ ನಿಧನ ಸುದ್ದಿಗೆ ಅದು ಬೇಕು, ಇಲ್ಲಿ ಬೇಡ. ನಾಳೆ ಜಮೀನು, ಠೇವಣಿಗಳ ಪಾಲಿನ ವ್ಯಾಜ್ಯ ಎದ್ದರೆ, ಸಂಘವೇ ವಾರಸುದಾರರ ಪಟ್ಟಿ ಬರೆದುಕೊಟ್ಟಿದೆ ಎಂದು ಯಾರಾದರೂ ಆ ಪುಟದ ನಕಲು ಕೇಳಿಕೊಂಡು ಬಂದಾರು. ಸಾವಿನ ಕಾರಣವನ್ನು ಬರೆಯುವುದೂ ಅನಗತ್ಯ.

ಇದಕ್ಕಿಂತ ದೊಡ್ಡ ತೊಡಕು ಆಗುವುದು ಉತ್ಸಾಹದಿಂದ. ಸಭೆಯಲ್ಲಿ ಎಲ್ಲರ ಮನಸ್ಸು ಮೆತ್ತಗಾಗಿರುವಾಗ ಯಾರೋ ಒಬ್ಬರು "ಹೊಸ ಕಟ್ಟಡಕ್ಕೆ ಅವರ ಹೆಸರಿಡೋಣ, ಮನೆಯವರಿಗೆ ಇಪ್ಪತ್ತು ಸಾವಿರ ಕೊಡೋಣ, ಮಗನನ್ನು ಕೆಲಸಕ್ಕೆ ತಗೊಳ್ಳೋಣ" ಅನ್ನುತ್ತಾರೆ. ಆ ಹೊತ್ತಿನಲ್ಲಿ ಬೇಡ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ, ಎಲ್ಲವೂ ಸಂತಾಪ ಠರಾವಿನೊಳಗೇ ಸೇರಿಕೊಳ್ಳುತ್ತದೆ. ಲೆಕ್ಕಪರಿಶೋಧಕರು ಬಂದಾಗ ಕೇಳುವ ಪ್ರಶ್ನೆ ಸರಳ: ಈ ಖರ್ಚಿಗೆ ಬೈಲಾದಲ್ಲಿ ಅವಕಾಶ ಎಲ್ಲಿದೆ, ನೋಟಿಸಿನಲ್ಲಿ ಈ ವಿಷಯ ಇತ್ತೇ? ನೆರವು, ಹೆಸರಿಡುವುದು, ನೇಮಕಾತಿ ಇವೆಲ್ಲ ಪ್ರತ್ಯೇಕ ವಿಷಯಗಳಾಗಿ, ಪ್ರತ್ಯೇಕ ಸಂಖ್ಯೆಯೊಂದಿಗೆ ಚರ್ಚೆಗೆ ಬರಬೇಕು. ಮೃತರ ಷೇರು ಹಣ ನಾಮಿನಿಗೆ ಅಥವಾ ವಾರಸುದಾರರಿಗೆ ಹೋಗುವುದೂ ಹಾಗೆಯೇ. ಅದು ಅರ್ಜಿ, ಮರಣ ಪ್ರಮಾಣಪತ್ರ, ನಾಮನಿರ್ದೇಶನದ ದಾಖಲೆ ನೋಡಿ ಮಾಡುವ ಕೆಲಸ, ಸಂತಾಪ ಸೂಚಿಸಿದ ಮಾತ್ರಕ್ಕೆ ಆಗುವುದಲ್ಲ. ತೀರಿಕೊಂಡವರು ಹಾಲಿ ನಿರ್ದೇಶಕರೇ ಆಗಿದ್ದರೆ ತೆರವಾದ ಸ್ಥಾನದ ವಿಚಾರವೂ ಬೇರೆಯೇ.

ಪುಟದ ಶಿಸ್ತಿನ ಬಗ್ಗೆ ಒಂದು ಮಾತು. ಚೆಂದಕ್ಕೆ ಛಾಪಿಸಿದ ಸಂತಾಪ ಪತ್ರವನ್ನು ನಡಾವಳಿ ಪುಸ್ತಕಕ್ಕೆ ಅಂಟಿಸಿ ಸುಮ್ಮನಾಗುವವರಿದ್ದಾರೆ. ಅಂಟಿಸಿದ್ದು ಯಾವಾಗ ಎಂದು ಯಾರು ಹೇಳಬಲ್ಲರು? ಪುಸ್ತಕದಲ್ಲಿ ಬರೆದದ್ದೇ ಮೂಲ. ಹೊಡೆದುಹಾಕಿ ತಿದ್ದಿದ ಕಡೆ ಅಧ್ಯಕ್ಷರ ಚಿಕ್ಕ ಸಹಿ ಇರಲಿ, ಕೊನೆಯಲ್ಲಿ ಖಾಲಿ ಜಾಗ ಬಿಡದೆ ಅಡ್ಡಗೆರೆ ಎಳೆಯಿರಿ. ಕೋರಂ ಇಲ್ಲದೆ ಸಭೆ ಮುಂದೂಡಿದ ದಿನ ನಾಲ್ಕು ಜನ ಮೌನ ಆಚರಿಸಿದ್ದನ್ನು "ನಿರ್ಣಯಿಸಲಾಯಿತು" ಎಂದು ಬರೆಯಬಾರದು. ಹಾಜರಿದ್ದವರು ಶ್ರದ್ಧಾಂಜಲಿ ಸಲ್ಲಿಸಿದರು ಎಂದಷ್ಟೇ ಬರೆದು, ಠರಾವನ್ನು ಮುಂದಿನ ಸಭೆಗೆ ಇಟ್ಟುಕೊಳ್ಳಬೇಕು.

ಕೊನೆಗೆ ಆ ಪ್ರತಿಯ ವಿಷಯ. "ಕಳುಹಿಸತಕ್ಕದ್ದು" ಎಂದು ಬರೆದು ಕಳುಹಿಸದೇ ಬಿಟ್ಟ ಸಂಘಗಳು ಕಡಿಮೆಯಿಲ್ಲ. ಸಂಘದ ಲೆಟರ್‌ಹೆಡ್ಡಿನಲ್ಲಿ ಠರಾವನ್ನು ಬರೆಸಿ, ನಿರ್ಣಯ ಸಂಖ್ಯೆ, ಸಭೆಯ ದಿನಾಂಕ ಹಾಕಿ, ಅಧ್ಯಕ್ಷರು, ಕಾರ್ಯದರ್ಶಿ ಇಬ್ಬರೂ ಸಹಿ ಮಾಡಿ, ವರ್ಷಾಂತಿಕ ಬರುವುದಕ್ಕೆ ಮೊದಲೇ ಮನೆಗೆ ಹೋಗಿ ಕೊಟ್ಟು ಬನ್ನಿ. ಅಂಚೆಗೆ ಹಾಕುವುದೇ ಆದರೆ ರವಾನೆ ವಹಿಯಲ್ಲಿ ನಮೂದಿಸಿಡಿ.