ದೂರವಾಣಿಯಲ್ಲಿ ಹೆಸರು

ಜರ್ಮನಿಯಲ್ಲಿ ದೂರವಾಣಿಯನ್ನು ಎತ್ತಿಕೊಂಡವರು ಸಾಮಾನ್ಯವಾಗಿ ಮೊದಲು ತಮ್ಮ ಹೆಸರನ್ನೇ ಹೇಳುತ್ತಾರೆ. ಕರೆದವರೂ ಹಾಗೆಯೇ ಹೇಳಬೇಕು. ಕರ್ನಾಟಕದಿಂದ ಅಲ್ಲಿಗೆ ಓದಲು ಹೋದ ವಿಜಯಾ ಎಂಬವಳು ಬಾಡಿಗೆಯ ಕೋಣೆಗಾಗಿ ಕರೆ ಮಾಡಿದಳೆಂದು ಭಾವಿಸೋಣ. ಮನೆಯೊಡತಿ ಇಲ್ಲ, ಮಗನಿದ್ದಾನೆ. ವಿಜಯಾ ತನ್ನ ಹೆಸರಿನ ಅಕ್ಷರಗಳನ್ನು ಇಂಗ್ಲಿಷಿನಂತೆ ಹೇಳಿದರೆ ಅವನು ಬೇರೊಂದು ಹೆಸರನ್ನೇ ಬರೆದುಕೊಳ್ಳುವನು. ಏಕೆಂದರೆ ಇಂಗ್ಲಿಷಿನ 'ವಿ' ಅಲ್ಲಿ 'ಫೌ', 'ಜೆ' ಅಲ್ಲಿ 'ಯೊಟ್', 'ಎ' ಅಲ್ಲಿ 'ಆ'. ಆದುದರಿಂದ ಒಂದೊಂದು ಅಕ್ಷರಕ್ಕೂ ಪರಿಚಿತವಾದ ಹೆಸರೊಂದನ್ನು ಜೋಡಿಸುವುದು ರೂಢಿ: ವಿಕ್ಟರ್, ಈಡಾ, ಯೂಲಿಯುಸ್, ಆಂಟೋನ್, ಯುಪ್ಸಿಲೋನ್, ಆಂಟೋನ್. 2022ರಲ್ಲಿ ಕಚೇರಿಗಳಿಗಾಗಿ ಊರ ಹೆಸರುಗಳ ಹೊಸ ಪಟ್ಟಿ ಬಂದಿತು. ಹಳೆಯದನ್ನು ಜನ ಬಿಟ್ಟಿಲ್ಲ.

ಹುಡುಗನು ಬೇಗ ಬೇಗ ಏನನ್ನೋ ಕೇಳುತ್ತಾನೆ. ಅರ್ಥವಾಗದೆ 'ಯಾ, ಯಾ' ಎಂದರೆ ಒಪ್ಪಿದಂತಾಗುತ್ತದೆ. 'ಕ್ಯೊನ್ಟೆನ್ ಜೀ ದಾಸ್ ಬಿಟ್ಟೆ ವೀಡರ್‌ಹೋಲೆನ್?' ಎಂದರೆ, 'ದಯವಿಟ್ಟು ಅದನ್ನು ಮತ್ತೊಮ್ಮೆ ಹೇಳುವಿರಾ?'

ಇನ್ನು ಸಂದೇಶ: ಹೆಸರು, ಕರೆದ ಕಾರಣ, ತನ್ನ ಸಂಖ್ಯೆ. ತೊಡಕಿರುವುದು ಸಂಖ್ಯೆಯಲ್ಲಿಯೇ. ಜರ್ಮನ್ನರು 53ನ್ನು 'ಮೂರು ಮತ್ತು ಐವತ್ತು' ಎನ್ನುತ್ತಾರೆ; ಕೇಳಿದವರ ಕೈ 35 ಎಂದು ಬರೆದೀತು. ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳುವುದು ಲೇಸು. ಎರಡು 'ಟ್ಸ್ವೈ', ಮೂರು 'ಡ್ರೈ'. ಇವು ಕಿವಿಗೆ ಒಂದೇ ಎನಿಸುವುದರಿಂದ ದೂರವಾಣಿಯಲ್ಲಿ ಎರಡಕ್ಕೆ 'ಟ್ಸ್ವೋ' ಎನ್ನುವರು. ಕೊನೆಗೆ ಹುಡುಗನಿಂದ ಸಂಖ್ಯೆಯನ್ನು ಓದಿಸಿ ಕೇಳಿಕೊಂಡ ಮೇಲೆಯೇ ವಿಜಯಾ 'ಔಫ್ ವೀಡರ್‌ಹ್ಯೋರೆನ್' ಎಂದು ಬೀಳ್ಕೊಳ್ಳುತ್ತಾಳೆ.