ಗ್ರೂಪಿನ ಮಾತು ಕಡತ ಸೇರುವ ಮುನ್ನ

ಬೆಂಗಳೂರಿನ ಒಂದು ಕಂಪನಿಯ ಗ್ರಾಹಕ ಸೇವಾ ವಿಭಾಗಕ್ಕೆ ಜನ ಬೇಕಾಗಿದ್ದಾರೆ ಎಂದಿಟ್ಟುಕೊಳ್ಳಿ. ಸಂದರ್ಶನ ಮುಗಿಸಿದ ಟೀಮ್ ಲೀಡರ್ ನೇಮಕಾತಿಯ ವಾಟ್ಸಾಪ್ ಗ್ರೂಪಿನಲ್ಲಿ ಹೀಗೆ ಬರೆಯುತ್ತಾರೆ:

"ಮೇಡಂ, ಮೈಸೂರ್ ಹುಡುಗಿ ಚೆನ್ನಾಗಿ ಮಾತಾಡ್ತಾಳೆ, ಆದ್ರೆ ಈಗ್ತಾನೇ ಮದ್ವೆ ಆಗಿದೆ, ಲೇಟ್ ಶಿಫ್ಟ್ ಕಷ್ಟ. ಇನ್ನೊಬ್ರಿಗೆ 45 ದಾಟಿದೆ, ನಮ್ ಟೀಮ್‌ಗೆ ಸೆಟ್ ಆಗಲ್ಲ. ಬ್ಯಾಚುಲರ್ ಹುಡುಗ್ರನ್ನ ನೋಡಿ, ಸ್ವಂತ ಬೈಕ್ ಇರ್ಲಿ. ಕನ್ನಡದವ್ರೇ ಆದ್ರೆ ಒಳ್ಳೇದು."

ಸಂಜೆಯೊಳಗೆ ಈ ಒಂದು ಮೆಸೇಜು ಎಚ್‌ಆರ್ ಮೇಜಿನಲ್ಲಿ ಮೂರು ಕಾಗದವಾಗುತ್ತದೆ. ಹೊಸ ಜಾಹೀರಾತು, ಇಬ್ಬರು ಅಭ್ಯರ್ಥಿಗಳ ದಾಖಲೆಯಲ್ಲಿ ತಿರಸ್ಕಾರದ ಕಾರಣ, ಮ್ಯಾನೇಜರ್‌ಗೆ ಒಂದು ಇಮೇಲ್. ಆಡುಮಾತು ಅಧಿಕೃತವಾಗುವುದು ಇಲ್ಲಿ. ಹಲವು ತಪ್ಪು ಕಲ್ಪನೆಗಳು ಕೆಲಸ ಮಾಡುವುದೂ ಇಲ್ಲೇ.

ಕಲ್ಪನೆ: ಗ್ರೂಪಿನಲ್ಲಿ ಆಡಿದ್ದು ನಮ್ಮ ನಮ್ಮಲ್ಲೇ ಇರುತ್ತದೆ, ಅದಕ್ಕೆ ಲೆಕ್ಕವಿಲ್ಲ.

ಲೆಕ್ಕವಿದೆ. ಒಬ್ಬರನ್ನು ಏಕೆ ಬಿಟ್ಟರು ಎಂಬ ಪ್ರಶ್ನೆ ಎದ್ದರೆ, ತೀರ್ಮಾನ ಆದ ಜಾಗ ಆ ಗ್ರೂಪೇ. ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯ ಸಾಕ್ಷ್ಯವಾಗಿ ಸ್ವೀಕರಿಸುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಅದಕ್ಕೆ ಬೇಕಾದ ಪ್ರಮಾಣಪತ್ರದ ಕ್ರಮವನ್ನು ಹೇಳುತ್ತದೆ. ಎಲ್ಲರ ಫೋನಿನಿಂದಲೂ ಡಿಲೀಟ್ ಮಾಡಿದ ಮೇಲೂ ಯಾರೋ ಮೊದಲೇ ತೆಗೆದಿಟ್ಟುಕೊಂಡ ಸ್ಕ್ರೀನ್‌ಶಾಟ್ ಉಳಿದಿರುತ್ತದೆ.

ಕಲ್ಪನೆ: ಒರಟು ಪದ ತೆಗೆದು ಸಭ್ಯ ಪದ ಹಾಕಿದರೆ ಸಾಕು.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ನಂಬಿಕೆ ಇದು. ಮೇಲಿನ ಮೆಸೇಜನ್ನು ಸಾಮಾನ್ಯವಾಗಿ ತಿದ್ದುವ ರೀತಿ ನೋಡಿ. "ಈಗ್ತಾನೇ ಮದ್ವೆ ಆಗಿದೆ" ಎಂಬುದು "ವೈಯಕ್ತಿಕ ಕಾರಣಗಳಿಂದ ಲಭ್ಯತೆ ಸೀಮಿತ" ಆಗುತ್ತದೆ. "45 ದಾಟಿದೆ" ಎಂಬುದು "ಕಲ್ಚರ್ ಫಿಟ್ ಇಲ್ಲ" ಆಗುತ್ತದೆ. "ಬ್ಯಾಚುಲರ್ ಹುಡುಗ್ರು" ಜಾಹೀರಾತಿನಲ್ಲಿ "ಯುವ, ಉತ್ಸಾಹಿ, ಡೈನಾಮಿಕ್" ಆಗುತ್ತಾರೆ. ಓದಲು ಎಲ್ಲವೂ ನಯವಾಗಿದೆ, ಆದರೆ ಆ ಇಬ್ಬರೂ ಹೊರಗೇ ಉಳಿದರು, ಅದೇ ಕಾರಣಕ್ಕೆ. ಮೊದಲಿನ ಮೆಸೇಜಿನಲ್ಲಿ ತಪ್ಪು ಕಣ್ಣಿಗೆ ಬೀಳುತ್ತಿತ್ತು, ಈಗ ಅದೂ ಇಲ್ಲ. ಹೀಗೆ ತಿದ್ದುವುದಕ್ಕಿಂತ ತಿದ್ದದೆ ಬಿಡುವುದೇ ವಾಸಿ ಎಂದು ನಾನು ಹೇಳುತ್ತೇನೆ. ಒರಟು ಮಾತನ್ನು ಯಾರಾದರೂ ಪ್ರಶ್ನಿಸಬಹುದು, "ಕಲ್ಚರ್ ಫಿಟ್" ಎಂಬುದನ್ನು ಯಾರೂ ಪ್ರಶ್ನಿಸುವುದಿಲ್ಲ.

ತಿದ್ದಬೇಕಾದವರು ಪದವನ್ನು ಬಿಟ್ಟು ಅದರ ಹಿಂದಿರುವ ಅಗತ್ಯವನ್ನು ಹುಡುಕಬೇಕು. ಎಚ್‌ಆರ್ ಮೇಡಂ ಟೀಮ್ ಲೀಡರ್‌ಗೆ ಫೋನ್ ಮಾಡಿ ಕೇಳಬೇಕಾದದ್ದು ಇಷ್ಟು: "ಸರ್, ಈ ಕೆಲಸಕ್ಕೆ ನಿಜವಾಗಿ ಏನು ಬೇಕು?" ಶಿಫ್ಟು ಮಧ್ಯಾಹ್ನ 2ರಿಂದ ರಾತ್ರಿ 10:30ರವರೆಗೆ ಎಂದು ಅವರು ಹೇಳುತ್ತಾರೆ ಎನ್ನೋಣ. ಸರಿ, ಅದು ಕೆಲಸದ ಅಗತ್ಯ. ಹಾಗಾದರೆ ಅವಿವಾಹಿತ ಹುಡುಗನೂ ಸೇರಿದಂತೆ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ: ಈ ಹೊತ್ತಿನ ಪಾಳಿ ನಿಮಗೆ ಆಗುತ್ತದೆಯೇ? ಮೈಸೂರಿನವರನ್ನು ಆ ಪ್ರಶ್ನೆ ಯಾರೂ ಕೇಳಿರಲೇ ಇಲ್ಲ. ಅವರ ಪರವಾಗಿ ಟೀಮ್ ಲೀಡರೇ ಉತ್ತರ ಕೊಟ್ಟುಬಿಟ್ಟಿದ್ದರು.

ಬೈಕಿನ ಮಾತೂ ಹಾಗೆಯೇ. ಕುರ್ಚಿಯಲ್ಲಿ ಕೂತು ಫೋನ್ ಎತ್ತುವ ಕೆಲಸಕ್ಕೆ ಬೈಕ್ ಏಕೆ? ಕೆದಕಿದರೆ, ರಾತ್ರಿ ಮನೆಗೆ ಬಿಡುವ ಕ್ಯಾಬ್ ಇಲ್ಲ ಎಂದು ಗೊತ್ತಾಗುತ್ತದೆ. ಮಹಿಳೆಯರನ್ನು ರಾತ್ರಿ ದುಡಿಸಿಕೊಳ್ಳುವ ಸಂಸ್ಥೆ ಅವರ ಒಪ್ಪಿಗೆ ಪಡೆದು ಸುರಕ್ಷತೆಗೂ ಸಾರಿಗೆಗೂ ವ್ಯವಸ್ಥೆ ಮಾಡಬೇಕು ಎಂಬುದು ಇಲ್ಲಿನ ನಿಯಮ. ಅಂದರೆ "ಮದ್ವೆ ಆಗಿದೆ" ಎಂಬ ಮಾತಿನ ಕೆಳಗೆ ಅಡಗಿದ್ದದ್ದು ಕಂಪನಿಯೇ ಮಾಡದೆ ಬಿಟ್ಟ ಏರ್ಪಾಡು. ಪದವನ್ನಷ್ಟೇ ತಿದ್ದಿದ್ದರೆ ಇದು ಹೊರಗೆ ಬರುತ್ತಲೇ ಇರಲಿಲ್ಲ.

45 ದಾಟಿದವರ ವಿಷಯದಲ್ಲಿ "ಸೆಟ್ ಆಗಲ್ಲ" ಎಂದರೆ ಏನು ಎಂದು ಕೇಳಿ. "ಹೊಸ ಸಾಫ್ಟ್‌ವೇರ್ ಬೇಗ ಕಲೀಬೇಕು" ಎಂದರೆ ಎಲ್ಲರಿಗೂ ಅದೇ ಸಾಫ್ಟ್‌ವೇರ್ ಮೇಲೆ ಅರ್ಧ ಗಂಟೆಯ ಪರೀಕ್ಷೆ ಕೊಟ್ಟು, ಬಂದ ಫಲಿತಾಂಶವನ್ನು ದಾಖಲಿಸಿ. ಉತ್ತರವೇ ಬರದಿದ್ದರೆ ಆ ಕಾರಣ ಕಡತಕ್ಕೆ ಹೋಗುವಂತಿಲ್ಲ, ಅಭ್ಯರ್ಥಿ ಪಟ್ಟಿಗೆ ವಾಪಸ್ ಬರಬೇಕು. ಖಾಸಗಿ ನೇಮಕಾತಿಯಲ್ಲಿ ವಯಸ್ಸಿನ ತಾರತಮ್ಯವನ್ನೇ ತಡೆಯುವ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ಅದಕ್ಕೇ ಈ ಕೆಲಸ ತಿದ್ದುವವರ ಎಚ್ಚರದ ಮೇಲೆಯೇ ನಿಂತಿದೆ.

ಕಲ್ಪನೆ: ಕಾಳಜಿಯಿಂದ ಹೇಳಿದ ಮಾತು ತಾರತಮ್ಯವಾಗುವುದಿಲ್ಲ.

"ಪಾಪ, ಹೊಸದಾಗಿ ಮದುವೆಯಾಗಿದೆ, ತೊಂದರೆ ಆಗಬಾರದು" ಎನ್ನುವವರಿಗೆ ನಿಜವಾಗಿಯೂ ಕಾಳಜಿ ಇರಬಹುದು. ಆದರೆ ಕೆಲಸ ಹೋದದ್ದು ಅವರದ್ದಲ್ಲ. ಒಂದೇ ಬಗೆಯ ಕೆಲಸಕ್ಕೆ ನೇಮಕ ಮಾಡುವಾಗ ಲಿಂಗದ ಆಧಾರದ ಮೇಲೆ ಭೇದ ಮಾಡುವುದನ್ನು 1976ರ ಸಮಾನ ಸಂಭಾವನೆ ಕಾಯ್ದೆ ನಿಷೇಧಿಸಿತ್ತು, ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯೂ ನಿಷೇಧಿಸುತ್ತದೆ. ಉದ್ದೇಶ ಒಳ್ಳೆಯದಿತ್ತು ಎಂಬುದಕ್ಕೆ ಅಲ್ಲಿ ರಿಯಾಯಿತಿ ಇಲ್ಲ.

ಇಂಥ ಮಾತು ಅಚ್ಚಾಗಿ ಅಧಿಕೃತವಾದರೆ ಏನಾಗುತ್ತದೆ ಎಂಬುದಕ್ಕೆ ನೀರಾ ಮಾಥುರ್ ಪ್ರಕರಣವಿದೆ. ಜೀವ ವಿಮಾ ನಿಗಮ ಕೆಲಸಕ್ಕೆ ಸೇರುವ ಮಹಿಳೆಯರಿಂದ ತುಂಬಿಸುತ್ತಿದ್ದ ಘೋಷಣಾ ಪತ್ರದಲ್ಲಿ ಮುಟ್ಟು ಸರಿಯಾಗಿ ಆಗುತ್ತದೆಯೇ, ಕೊನೆಯ ಸಲ ಆದದ್ದು ಯಾವಾಗ, ಎಷ್ಟು ಬಾರಿ ಗರ್ಭ ಧರಿಸಿದ್ದೀರಿ, ಗರ್ಭಪಾತ ಆಗಿದೆಯೇ ಎಂಬ ಕಾಲಂಗಳಿದ್ದವು. ಪ್ರೊಬೇಷನ್‌ನಲ್ಲಿದ್ದ ನೀರಾ ಅವರನ್ನು ಹೆರಿಗೆ ರಜೆಯಲ್ಲಿದ್ದಾಗಲೇ, ಆ ಪತ್ರದಲ್ಲಿ ತಪ್ಪು ಮಾಹಿತಿ ಕೊಟ್ಟಿದ್ದಾರೆಂದು ಕೆಲಸದಿಂದ ತೆಗೆದರು. 1991ರಲ್ಲಿ ಸುಪ್ರೀಂ ಕೋರ್ಟ್ ಆಕೆಯನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿ, ಆ ಕಾಲಂಗಳನ್ನು ಅಳಿಸಿಹಾಕಬೇಕೆಂದೂ ಹೇಳಿತು. ಅಂಥ ಪ್ರಶ್ನೆಗಳು ಒಂದು ಸಾರ್ವಜನಿಕ ಸಂಸ್ಥೆಯ ಫಾರಂವರೆಗೆ ಬಂದಿದ್ದವು ಎಂದರೆ ದಾರಿಯಲ್ಲಿ ಎಷ್ಟೋ ಜನರ ಕೈ ದಾಟಿಯೇ ಬಂದಿರಬೇಕು.

ಕಲ್ಪನೆ: ಭಾಷೆ, ಊರು, ಊಟದ ವಿಷಯ ಎತ್ತಿದರೆಲ್ಲ ತಾರತಮ್ಯ.

ಹಾಗೇನಿಲ್ಲ. ಹುಬ್ಬಳ್ಳಿ, ಮಂಡ್ಯದ ಗ್ರಾಹಕರ ಕರೆ ಬರುವ ಕಡೆ ಕನ್ನಡ ಬೇಕೇಬೇಕು. ಅದನ್ನು "ಕನ್ನಡದಲ್ಲಿ ಸರಾಗವಾಗಿ ಮಾತನಾಡಿ ದೂರು ಬರೆದುಕೊಳ್ಳಬಲ್ಲವರು" ಎಂದು ಧೈರ್ಯವಾಗಿ ಜಾಹೀರಾತಿನಲ್ಲೇ ಹಾಕಬಹುದು. "ಕನ್ನಡದವ್ರೇ" ಎಂದು ಬರೆದರೆ ಮಾತ್ರ ಮನೆಯಲ್ಲಿ ತೆಲುಗೋ ಉರ್ದುವೋ ತುಳುವೋ ಆಡುತ್ತ, ಕನ್ನಡ ಶಾಲೆಯಲ್ಲಿ ಕಲಿತು ಸೊಗಸಾಗಿ ಕನ್ನಡ ಮಾತನಾಡುವವರು ತಮಗಲ್ಲ ಎಂದು ಪಕ್ಕಕ್ಕೆ ಸರಿಯುತ್ತಾರೆ. "ಸಸ್ಯಾಹಾರಿ ಆದ್ರೆ ಒಳ್ಳೇದು" ಎಂಬ ಸಾಲಿಗೆ ಇಂಥ ಯಾವ ಅಗತ್ಯದ ಬೆಂಬಲವೂ ಇಲ್ಲ. ನಮ್ಮಲ್ಲಿ ಅದು ಜಾತಿ ಕೇಳುವ ಇನ್ನೊಂದು ದಾರಿ, ಪೂರ್ತಿ ಹೊಡೆದುಹಾಕಬೇಕಾದ್ದು.

ಕಲ್ಪನೆ: ತಿದ್ದಿದ ಮೇಲೆ ಮೂಲ ಚಾಟ್ ಅಳಿಸಿಬಿಟ್ಟರೆ ಕೆಲಸ ಮುಗಿಯಿತು.

ತೀರ್ಮಾನ ಇನ್ನೂ ಆಗಿಲ್ಲದಿದ್ದರೆ ಮಾತನ್ನು ತಿದ್ದಬಹುದು, ಮಾನದಂಡವನ್ನು ಸರಿಪಡಿಸಬಹುದು, ಅಭ್ಯರ್ಥಿಯನ್ನು ಮತ್ತೆ ಕರೆಯಬಹುದು. ತಿರಸ್ಕಾರದ ಪತ್ರ ಹೋದ ಮೇಲೆ ಬೇರೆ ಕಾರಣ ಬರೆದು, ಹಳೆಯದನ್ನು ಅಳಿಸಿದರೆ ಅದು ಸುಳ್ಳು ದಾಖಲೆ. ಅಂಥ ಹೊತ್ತಿನಲ್ಲಿ ಮೂಲ ಮೆಸೇಜನ್ನು ಮುಟ್ಟದೆ ಉಳಿಸಿ, ಅದೇ ಗ್ರೂಪಿನಲ್ಲಿ ಕೆಳಗೆ ಬರೆಯಿರಿ: "ಸರ್, ಮದುವೆ ಮತ್ತು ವಯಸ್ಸಿನ ಕಾರಣವನ್ನು ಪರಿಗಣಿಸಲು ಆಗುವುದಿಲ್ಲ. ಇಬ್ಬರಿಗೂ ಶಿಫ್ಟ್ ಬಗ್ಗೆ ಕೇಳಿ, ಪರೀಕ್ಷೆ ಕೊಟ್ಟು, ಮತ್ತೆ ನೋಡೋಣ." ಆಮೇಲೆ ಮೈಸೂರಿಗೆ ಫೋನ್ ಮಾಡಿ.